ಇಂಟರ್‌ವ್ಯೂನಲ್ಲಿ 22 ಸಾವಿರ ಅಂದರು, ಲೆಟರ್‌ನಲ್ಲಿ 17 ಸಾವಿರ ಇದೆ: ಯಾವುದು ನಿಲ್ಲುತ್ತದೆ?

ಕೆಲಸಕ್ಕೆ ಸೇರುವವರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇದೆ, ಇಂಟರ್‌ವ್ಯೂನಲ್ಲಿ ಹೇಳಿದಷ್ಟು ಕೊಡದಿದ್ದರೆ ಕೇಸ್ ಹಾಕಿ" ಎಂಬುದು ಒಂದು. "ಲೆಟರ್‌ಗೆ ಸಹಿ ಹಾಕಿದ ಮೇಲೆ ಮುಗೀತು, ಬಾಯಲ್ಲಿ ಹೇಳಿದ್ದಕ್ಕೆ ಕಿಮ್ಮತ್ತಿಲ್ಲ" ಎಂಬುದು ಇನ್ನೊಂದು. ಎರಡೂ ಅರ್ಧ ನಿಜ. ಯಾವ ಅರ್ಧ ಎಲ್ಲಿ ಅನ್ವಯಿಸುತ್ತದೆ ಎಂದು ಗೊತ್ತಿಲ್ಲದೆ ಹೋದರೆ ಐದು ಸಾವಿರದ ವ್ಯತ್ಯಾಸ ಪ್ರತಿ ತಿಂಗಳೂ ಕೈತಪ್ಪುತ್ತದೆ.

ಅರ್ಥವಾಗಲಿ ಎಂದು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ದೇವದುರ್ಗದ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ ರಾಯಚೂರಿನ ಒಂದು ಖಾಸಗಿ ಕಂಪನಿಯ ಇಂಟರ್‌ವ್ಯೂಗೆ ಬರುತ್ತಾನೆ. ತಿಂಗಳಿಗೆ 22,000, ಕೆಲಸ ರಾಯಚೂರಿನಲ್ಲೇ, ಉಳಿಯಲು ಕಂಪನಿಯ ರೂಮು ಪುಕ್ಕಟೆ ಎಂದು ಮ್ಯಾನೇಜರ್ ಹೇಳುತ್ತಾರೆ. ಹತ್ತು ದಿನ ಬಿಟ್ಟು ಬಂದ ಇಂಗ್ಲಿಷ್ ಲೆಟರ್‌ನಲ್ಲಿ ಸಂಬಳ 17,000 ಎಂದಿದೆ, ಕಂಪನಿಯ ಯಾವ ಶಾಖೆಗಾದರೂ ಹಾಕಬಹುದು ಎಂದಿದೆ, ರೂಮಿನ ಸುದ್ದಿಯೇ ಇಲ್ಲ. ಕೇಳಿದರೆ, "ಅದು ಬರೀ ಕಾಗದ ತಮ್ಮಾ, ಮೊದ್ಲು ಜಾಯಿನ್ ಆಗು, ಮೂರು ತಿಂಗ್ಳ ಆದಮ್ಯಾಗ ಸರಿ ಮಾಡ್ತೀವಿ" ಎಂಬ ಉತ್ತರ. ಹುಡುಗ ಸಹಿ ಹಾಕುತ್ತಾನೆ.

ಮೊದಲ ಫಾರ್ವರ್ಡ್‌ನಲ್ಲಿರುವ ನಿಜ ಇಷ್ಟು. 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಎಲ್ಲ ಒಪ್ಪಂದವೂ ಕಾಗದದ ಮೇಲೇ ಇರಬೇಕೆಂದಿಲ್ಲ. ಮಾನ್ವಿಯ ಒಂದು ಅಂಗಡಿಯಲ್ಲೋ ಅಕ್ಕಿ ಗಿರಣಿಯಲ್ಲೋ ಲೆಟರ್ ಇಲ್ಲದೆ ಕೆಲಸಕ್ಕೆ ಸೇರಿದವರಿಗೆ ಮಾಲೀಕರು ಹೇಳಿದ ಮಾತೇ ಒಪ್ಪಂದ. ಬ್ಯಾಂಕ್ ಪಾಸ್‌ಬುಕ್, ಹಾಜರಿ ಪುಸ್ತಕ, ಜೊತೆಗಿದ್ದವರ ಸಾಕ್ಷಿ, ಮೆಸೇಜ್ ಇವುಗಳಿಂದ ಅದನ್ನು ಸಾಬೀತು ಮಾಡಬಹುದು. (2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೌಕರರಿಗೆ ನೇಮಕಾತಿ ಪತ್ರ ಕೊಡಲೇಬೇಕು ಎನ್ನುತ್ತವೆ. ಕೊಡದೇ ಇರುವುದು ಮಾಲೀಕರ ತಪ್ಪು, ನಿಮ್ಮದಲ್ಲ.)

ಲೆಟರ್ ಕೈಗೆ ಬಂದು ಎರಡೂ ಕಡೆಯವರು ಒಪ್ಪಿದ ಮೇಲೆ ಆಟದ ನಿಯಮ ಬದಲಾಗುತ್ತದೆ. ಒಪ್ಪಂದದ ಷರತ್ತುಗಳನ್ನು ಬರಹಕ್ಕೆ ಇಳಿಸಿದ್ದರೆ, ಆ ಬರಹಕ್ಕೆ ವಿರುದ್ಧವಾದ, ಅದಕ್ಕೆ ಸೇರಿಸುವ ಅಥವಾ ಅದರಿಂದ ಕಳೆಯುವ ಬಾಯಿಮಾತಿನ ಸಾಕ್ಷ್ಯವನ್ನು ನ್ಯಾಯಾಲಯ ಕೇಳುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು ಸೆಕ್ಷನ್ 92. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಸೆಕ್ಷನ್ 95. ಗಮನಿಸಿ, ಮ್ಯಾನೇಜರ್ ಹಾಗೆ ಹೇಳೇ ಇಲ್ಲ ಎಂದು ಕಾನೂನು ಹೇಳುತ್ತಿಲ್ಲ. ಹೇಳಿದ್ದರೂ, ಕೊನೆಗೆ ಇಬ್ಬರೂ ಒಪ್ಪಿದ್ದು ಕಾಗದದಲ್ಲಿರುವುದನ್ನೇ ಎಂದು ಭಾವಿಸುತ್ತದೆ.

ಹಾಗಾಗಿ ನಮ್ಮ ಹುಡುಗನ 22,000 ಸಾಮಾನ್ಯವಾಗಿ ನಿಲ್ಲುವುದಿಲ್ಲ. ಲೆಟರ್ 17,000 ಎಂದು ನೇರವಾಗಿ ಹೇಳಿದೆ, ಬಾಯಿಮಾತು ಅದಕ್ಕೆ ನೇರವಾಗಿ ವಿರುದ್ಧ. ರಾಯಚೂರಿನಲ್ಲೇ ಕೆಲಸ ಎಂಬ ಮಾತಿಗೂ ಅದೇ ಗತಿ, ಏಕೆಂದರೆ ಯಾವ ಶಾಖೆಗಾದರೂ ಹಾಕಬಹುದು ಎಂದು ಬರೆದಿದೆ. ಇಂಗ್ಲಿಷ್ ಓದಲಿಲ್ಲ, ಅವಸರದಲ್ಲಿ ಸಹಿ ಹಾಕಿದೆ ಎಂಬುದು ಒಂದೇ ಕಾರಣವಾದರೆ ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ.

ರೂಮಿನ ಕಥೆ ಬೇರೆ. ಲೆಟರ್ ಆ ವಿಷಯದಲ್ಲಿ ಮೌನವಾಗಿದೆ. ಬರಹ ಮೌನವಾಗಿರುವ ವಿಷಯದ ಮೇಲೆ, ಬರಹಕ್ಕೆ ವಿರುದ್ಧವಲ್ಲದ ಪ್ರತ್ಯೇಕ ಬಾಯಿಮಾತಿನ ಒಪ್ಪಂದ ಇದ್ದರೆ ಅದನ್ನು ಸಾಬೀತು ಮಾಡಲು ಇದೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಆ ಬರಹ ಎಷ್ಟು ವಿಧಿವತ್ತಾಗಿದೆ ಎಂದೂ ನ್ಯಾಯಾಲಯ ನೋಡಬೇಕು. ಇದಕ್ಕೆ 1872ರ ಕಾಯ್ದೆಯಲ್ಲೇ ಒಂದು ಚೆಂದದ ಉದಾಹರಣೆ ಇದೆ. ಕೋಣೆಗೆ ತಿಂಗಳಿಗೆ 200 ರೂಪಾಯಿ ಎಂದಷ್ಟೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ, ಅದರಲ್ಲಿ ಸ್ವಲ್ಪ ಊಟವೂ ಸೇರಿತ್ತು ಎಂದು ಬಾಡಿಗೆದಾರ ಸಾಬೀತು ಮಾಡಬಹುದು. ಅದೇ ವಕೀಲರಿಂದ ಬರೆಸಿ, ಛಾಪಾ ಕಾಗದದ ಮೇಲೆ ಒಂದು ವರ್ಷದ ಕರಾರು ಮಾಡಿಕೊಂಡಿದ್ದರೆ ಸಾಬೀತು ಮಾಡುವಂತಿಲ್ಲ, ಅದರಲ್ಲಿ ಊಟದ ಮಾತು ಇಲ್ಲದಿದ್ದರೂ ಸರಿ. ನೂರೈವತ್ತು ವರ್ಷ ಹಳೆಯ ಈ ಉದಾಹರಣೆ ಇಂದಿನ ನೇಮಕಾತಿ ಪತ್ರಕ್ಕೂ ಹೊಂದುತ್ತದೆ. ಒಂದು ಪುಟದ, ನಾಲ್ಕು ಸಾಲಿನ ಲೆಟರ್ ಆಗಿದ್ದರೆ ರೂಮಿನ ಮಾತು ಉಳಿಯುವ ಸಾಧ್ಯತೆ ಇದೆ. ರಜೆ, ಪಿಎಫ್, ನೋಟಿಸ್ ಅವಧಿ ಎಲ್ಲವನ್ನೂ ವಿವರಿಸುವ ಎಂಟು ಪುಟದ ಲೆಟರ್ ಆದರೆ, ರೂಮು ಕೊಡುವುದಿದ್ದರೆ ಇಲ್ಲೇ ಬರೆಯುತ್ತಿದ್ದರು ಎಂಬ ವಾದ ಗೆಲ್ಲುತ್ತದೆ. ಇಂಥ ಲೆಟರ್‌ಗಳ ಕೊನೆಯಲ್ಲಿ, ಈ ಹಿಂದಿನ ಎಲ್ಲ ಮಾತುಕತೆಗಳ ಬದಲಿಗೆ ಈ ಪತ್ರವೇ ಅಂತಿಮ ಎಂಬ ಸಾಲು ಇರುವುದುಂಟು. ಸಂಬಳದ ಸಾಲಿಗಿಂತ ಮೊದಲು ಆ ಸಾಲನ್ನು ಹುಡುಕಿ ಓದುವುದು ಒಳ್ಳೆಯದು.

ಬರಹ ಎಷ್ಟು ಗಟ್ಟಿ ಎಂಬುದಕ್ಕೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕ್ ಪ್ರಕರಣವನ್ನು ನೋಡಬಹುದು. 2007ರಲ್ಲಿ ನೇಮಕವಾದ ಅಧಿಕಾರಿಯೊಬ್ಬರ ಪತ್ರದಲ್ಲಿ, ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು ಇತ್ತು. ಅವರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಹಣ ಕಟ್ಟಿ, ಆ ಷರತ್ತನ್ನೇ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಗೆದ್ದರು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು ಷರತ್ತನ್ನು ಎತ್ತಿಹಿಡಿಯಿತು. ಇಲ್ಲಿ ಬಾಯಿಮಾತಿನ ಭರವಸೆಯ ಜಗಳ ಇರಲಿಲ್ಲ. ಆದರೆ ಅಚ್ಚು ಹಾಕಿದ ಷರತ್ತಿಗೆ ಒಪ್ಪಿಕೊಂಡು ಕೆಲಸಕ್ಕೆ ಸೇರಿದರೆ ಅದರ ಬೆಲೆ ಎಷ್ಟೆಂದು ತಿಳಿಯುತ್ತದೆ. ಹಾಗೆಂದು ಲೆಟರ್‌ನಲ್ಲಿ ಏನು ಬರೆದರೂ ನಡೆಯುತ್ತದೆ ಎಂದಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಸಂಬಳ, ಪಿಎಫ್‌ನ ಮಾಲೀಕರ ಪಾಲನ್ನು ನೌಕರರ ಸಂಬಳದಿಂದ ಮುರಿದುಕೊಳ್ಳುವುದು ಇವಕ್ಕೆ ನೀವು ಸಹಿ ಹಾಕಿದ್ದರೂ ಚಲಾವಣೆ ಇಲ್ಲ.

ಇನ್ನು ಮೋಸದ ಪ್ರಶ್ನೆ. ಸೆಕ್ಷನ್ 95ರ ಬಾಗಿಲು ಮೋಸಕ್ಕೆ ಮುಚ್ಚಿಲ್ಲ. ಒಪ್ಪಂದ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ನಡೆಸಿಕೊಡುವ ಉದ್ದೇಶವೇ ಇಲ್ಲದೆ ಕೊಟ್ಟ ಮಾತು ಕೂಡ ಮೋಸ. ಮೋಸಹೋದವರು ಒಪ್ಪಂದವನ್ನು ರದ್ದು ಮಾಡಬಹುದು. ಇಲ್ಲವೇ, ಹೇಳಿದ್ದು ನಿಜವಾಗಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಗೆ ತನ್ನನ್ನು ತನ್ನಿ ಎಂದು ಕೇಳಬಹುದು ಎನ್ನುತ್ತದೆ ಸೆಕ್ಷನ್ 19. ಕೇಳಲು ಇದು ಬಲವಾದ ಅಸ್ತ್ರ, ಆದರೆ ಸಾಬೀತು ಮಾಡುವುದು ಕಷ್ಟ. ಮಾತು ತಪ್ಪಿದರು ಎಂದು ತೋರಿಸಿದರೆ ಸಾಲದು, ಮಾತು ಕೊಡುವಾಗಲೇ ತಪ್ಪುವ ಮನಸ್ಸಿತ್ತು ಎಂದು ತೋರಿಸಬೇಕು. ಒಬ್ಬನಿಗೆ ಹೇಳಿದ್ದು ತಪ್ಪು ತಿಳುವಳಿಕೆ ಎನ್ನಬಹುದು. ಅದೇ ವಾರ ಹದಿನೈದು ಮಂದಿಗೆ 22,000 ಎಂದು ಹೇಳಿ, ಹದಿನೈದು ಮಂದಿಗೂ 17,000ದ ಲೆಟರ್ ಕೊಟ್ಟಿದ್ದರೆ ಆ ಸಮರ್ಥನೆ ನಿಲ್ಲುವುದು ಕಷ್ಟ. ಜೊತೆಗೆ ಸೇರಿದವರ ಸಂಪರ್ಕ ಇಟ್ಟುಕೊಂಡಿರಬೇಕು ಎನ್ನುವುದು ಇದಕ್ಕೇ. ಇನ್ನೊಂದು ತೊಡಕು: ವಿಷಯ ಗೊತ್ತಾದ ಮೇಲೂ ವರ್ಷಗಟ್ಟಲೆ ಸುಮ್ಮನೆ 17,000 ತೆಗೆದುಕೊಂಡರೆ, ನೀವು ಅದನ್ನೇ ಒಪ್ಪಿದ್ದೀರಿ ಎಂದು ಎದುರಿನವರು ವಾದಿಸುತ್ತಾರೆ.

ಸರ್ಕಾರಿ ಕಚೇರಿಗಳಲ್ಲಿ ಗುತ್ತಿಗೆ ಅಥವಾ ಹೊರಗುತ್ತಿಗೆಯ ಮೇಲೆ ಸೇರುವವರಿಗೆ "ಮುಂದೆ ಪರ್ಮನೆಂಟ್ ಮಾಡ್ತಾರೆ" ಎಂದು ಹೇಳುವವರಿದ್ದಾರೆ. ಇಲ್ಲಿ ಬಾಯಿಮಾತಿನ ಬೆಲೆ ಇನ್ನೂ ಕಡಿಮೆ. ನಮ್ಮ ರಾಜ್ಯದ ದಿನಗೂಲಿ ನೌಕರರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು. ನೇಮಕಾತಿ ನಿಯಮಗಳನ್ನು ಬಿಟ್ಟು ಇಂಥವರನ್ನು ಕಾಯಂ ಮಾಡುತ್ತೇವೆ ಎಂದು ಭರವಸೆ ಕೊಡುವುದಕ್ಕೆ ಸರ್ಕಾರಕ್ಕೇ ಸಂವಿಧಾನದಲ್ಲಿ ಅವಕಾಶವಿಲ್ಲ ಎಂದಿತು. ಸರ್ಕಾರವೇ ಕೊಡಲಾಗದ ಮಾತನ್ನು ಏಜೆನ್ಸಿಯ ಸೂಪರ್‌ವೈಸರ್ ಕೊಟ್ಟರೆ ಅದಕ್ಕೆ ಸರ್ಕಾರ ಹೊಣೆಯಾಗುವುದಿಲ್ಲ.

ಮತ್ತೆ ನಮ್ಮ ಹುಡುಗನ ಕಡೆ ಬರೋಣ. ಲೆಟರ್ ಬಂದ ದಿನ ಅವನ ಕೈಯಲ್ಲಿ ಒಂದು ಸಲೀಸಾದ ದಾರಿ ಇತ್ತು. ಸೆಕ್ಷನ್ 95 ತಡೆಯುವುದು ಮುಖ್ಯವಾಗಿ ಲೆಟರ್‌ಗೆ ಮೊದಲಿನ ಅಥವಾ ಅದರ ಜೊತೆಜೊತೆಗಿನ ಮಾತನ್ನು. ಲೆಟರ್ ಆದ ನಂತರ ಎರಡೂ ಕಡೆಯವರು ಷರತ್ತು ಬದಲಿಸಿಕೊಂಡರೆ ಅದನ್ನು ತೋರಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಕಂಪನಿಯ ಇಮೇಲ್‌ಗೆ, ಅದಾಗದಿದ್ದರೆ ಆ ಮ್ಯಾನೇಜರ್‌ರ ವಾಟ್ಸ್ಆ್ಯಪ್‌ಗೆ, ಹೀಗೆ ಬರೆದರೆ ಸಾಕಿತ್ತು:

"ಸರ್, ನೇಮಕಾತಿ ಪತ್ರ ತಲುಪಿತು. ಇಂಟರ್‌ವ್ಯೂ ದಿನ ತಾವು ಸಂಬಳ 22,000 ಮತ್ತು ಉಚಿತ ರೂಮು ಎಂದು ತಿಳಿಸಿದ್ದಿರಿ. ಪತ್ರದಲ್ಲಿ 17,000 ಎಂದಿದೆ, ರೂಮಿನ ಬಗ್ಗೆ ಇಲ್ಲ. ದಯವಿಟ್ಟು ತಿದ್ದಿದ ಪತ್ರ ಕಳಿಸಿ, ಇಲ್ಲವೇ 22,000 ಯಾವ ತಿಂಗಳಿಂದ ಎಂದು ಇಲ್ಲೇ ತಿಳಿಸಿ."

"ಆಯ್ತು, ಏಪ್ರಿಲ್‌ನಿಂದ" ಎಂಬ ಉತ್ತರ ಬಂದರೆ ಅದು ಬಾಯಿಮಾತಲ್ಲ, ಬರಹ. ಉತ್ತರ ಕೊಟ್ಟವರಿಗೆ ಸಂಬಳ ನಿಗದಿ ಮಾಡುವ ಅಧಿಕಾರ ಇದೆಯೇ ಎಂದೂ ನೋಡಿಕೊಳ್ಳಬೇಕು. ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವರ "ಹೌದು" ಕಂಪನಿಯನ್ನು ಕಟ್ಟಿಹಾಕುವುದು ಕಡಿಮೆ. ಉತ್ತರವೇ ಬರದೆ "ಫೋನ್ ಮಾಡು" ಎಂದರೆ, ಅವರ ಉದ್ದೇಶದ ಬಗ್ಗೆ ನಿಮಗೆ ಕೆಲಸಕ್ಕೆ ಸೇರುವ ಮೊದಲೇ ಸುಳಿವು ಸಿಕ್ಕಂತೆ.

ಮೆಸೇಜನ್ನು ಬೇರೆಯವರಿಗೆ ಫಾರ್ವರ್ಡ್ ಮಾಡಿ ಮೂಲ ಚಾಟ್ ಅಳಿಸಬೇಡಿ. ನ್ಯಾಯಾಲಯದಲ್ಲಿ ವಾಟ್ಸ್ಆ್ಯಪ್ ಪ್ರತಿಯ ಜೊತೆ ಅದು ಯಾವ ಫೋನಿನಿಂದ, ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಇದು ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಬರೀ ಸ್ಕ್ರೀನ್‌ಶಾಟ್ ಇದ್ದು ಫೋನೇ ಇಲ್ಲದಿದ್ದರೆ ಎದುರು ವಕೀಲರಿಗೆ ಕೆಲಸ ಸುಲಭ.

ಲೆಟರ್‌ನಲ್ಲಿ ಇರುವಷ್ಟೂ ಕೊಡದಿದ್ದರೆ ರಾಯಚೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು. ಲೆಟರ್‌ಗೆ ಹೊರಗಿನ ಭರವಸೆಯ ಜಗಳ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ್ದು, ಸಂಬಳದ ಬಾಕಿಗೆ ದಾವೆ ಹಾಕಲು ಮೂರು ವರ್ಷದ ಮಿತಿ ಇದೆ. ವಕೀಲರ ಫೀಸಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಕಡಿಮೆ ಆದಾಯದವರು ಉಚಿತ ವಕೀಲರನ್ನು ಪಡೆಯಲು ಅರ್ಹರು. ದೇವದುರ್ಗ, ಮಾನ್ವಿಯವರು ತಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ಫೋನ್‌ನಲ್ಲಿ ಕೇಳುವುದಾದರೆ ಸಹಾಯವಾಣಿ 15100. ಹೋಗುವಾಗ ಲೆಟರ್, ಆ ಮೆಸೇಜ್ ಇರುವ ಫೋನು ಮತ್ತು ಮೂರು ತಿಂಗಳ ಪಾಸ್‌ಬುಕ್ ಜೊತೆಗಿರಲಿ.