ವಿಮಾನ ಬದಲಾವಣೆಯ ಎಂಟು ತಾಸು: ಕ್ವಾಲಾಲಂಪುರದಲ್ಲಿ ನಿವ್ವಳ ಉಳಿಯುವುದೆಷ್ಟು?

ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಆರಂಭವಾಗುವ ಕ್ಯಾಂಟನ್ ಮೇಳಕ್ಕೆ ರಾಜ್ಯದಿಂದ ತೆರಳುವ ವರ್ತಕರಲ್ಲಿ ಹಲವರು ಕ್ವಾಲಾಲಂಪುರದ ಮಾರ್ಗವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಮುಂದಿನ ವಿಮಾನಕ್ಕಾಗಿ ಆರೆಂಟು ತಾಸು ಕಾಯಬೇಕಾಗಿ ಬರುವುದು ಅಪರೂಪವೇನಲ್ಲ. ಈ ಅವಧಿಯನ್ನು ನಿಲ್ದಾಣದ ಕುರ್ಚಿಯಲ್ಲಿ ತೂಕಡಿಸುತ್ತ ಕಳೆಯುವವರೇ ಹೆಚ್ಚು. ಇನ್ನು ಕೆಲವರು ಎಂಟು ತಾಸು ಪೂರ್ತಿಯಾಗಿ ತಮ್ಮದೇ ಎಂದು ತಿಳಿದು ನಗರಕ್ಕೆ ಹೊರಟು, ಮರಳುವಾಗ ಪರದಾಡುತ್ತಾರೆ. ಒಟ್ಟು ವಹಿವಾಟನ್ನೇ ನಿವ್ವಳ ಲಾಭವೆಂದು ಭಾವಿಸುವ ತಪ್ಪಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಹೊರಗೆ ಹೋಗಲು ಅನುಮತಿ ಇದೆಯೇ ಎಂಬುದು ಮೊದಲ ಪ್ರಶ್ನೆ. ಮಲೇಷ್ಯಾ ಸರ್ಕಾರವು 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗಿನ ಭೇಟಿಗೆ ವೀಸಾ ವಿನಾಯಿತಿ ನೀಡಿದ್ದು, ಇದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ಇದು ಅವಧಿ ನಿಗದಿಯಾದ ರಿಯಾಯಿತಿಯಾದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಮತ್ತೊಮ್ಮೆ ಖಚಿತಪಡಿಸಿಕೊಳ್ಳುವುದು ಲೇಸು. ವಿನಾಯಿತಿ ಇದ್ದರೂ MDAC ಎಂಬ ಆಗಮನ ಪತ್ರವನ್ನು ಅಂತರಜಾಲದಲ್ಲಿ ಭರ್ತಿ ಮಾಡಲೇಬೇಕು. ಆಗಮನಕ್ಕೆ ಮುಂಚಿನ ಮೂರು ದಿನಗಳೊಳಗೆ ಸಲ್ಲಿಸಬೇಕಾದ ಈ ಪತ್ರಕ್ಕೆ ಶುಲ್ಕವಿಲ್ಲ. ವಲಸೆ ತಪಾಸಣೆ ದಾಟದೆ ವಿಮಾನ ಬದಲಿಸುವವರಿಗೆ ಇದು ಬೇಕಿಲ್ಲದ ಕಾರಣ ಅನೇಕರು ಮರೆತಿರುತ್ತಾರೆ; ಹೊರಡುವ ಮನಸ್ಸಾದಾಗ ಕೌಂಟರಿನ ಮುಂದೆ ನಿಂತು ಮೊಬೈಲಿನಲ್ಲಿ ತುಂಬತೊಡಗುತ್ತಾರೆ.

ಎರಡನೆಯದು ಟಿಕೆಟಿನ ಸ್ವರೂಪ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ ಪೆಟ್ಟಿಗೆಗಳು ಸಾಮಾನ್ಯವಾಗಿ ನೇರವಾಗಿ ಗ್ವಾಂಗ್‌ಝೌಗೆ ಸಾಗುತ್ತವೆ. ಬೆಂಗಳೂರಿನಲ್ಲಿ ಅಂಟಿಸಿದ ಚೀಟಿಯ ಮೇಲೆ CAN ಎಂಬ ಅಕ್ಷರಗಳಿದ್ದರೆ ಚಿಂತೆಯಿಲ್ಲ. KUL ಎಂಬುದೇ ಕೊನೆಯ ನಿಲ್ದಾಣವಾಗಿದ್ದರೆ ಪೆಟ್ಟಿಗೆಯನ್ನು ಕ್ವಾಲಾಲಂಪುರದಲ್ಲಿ ಬಿಡಿಸಿಕೊಂಡು ಪುನಃ ಒಪ್ಪಿಸಬೇಕು. ಅಗ್ಗವೆಂದು ಎರಡು ಪ್ರತ್ಯೇಕ ಟಿಕೆಟ್ ಕೊಂಡವರ ಪಾಡು ಬಹುತೇಕ ಇದೇ. ಅಂಥವರು ಪೆಟ್ಟಿಗೆ ಪಡೆಯುವುದಕ್ಕೆ, ನಿಲ್ದಾಣದ ಸರಂಜಾಮು ಕೋಣೆಯಲ್ಲಿರಿಸುವುದಕ್ಕೆ ಹಾಗೂ ಮರಳಿ ಒಪ್ಪಿಸುವುದಕ್ಕೆ ಕನಿಷ್ಠ ಒಂದೂವರೆ ತಾಸು ಕಳೆಯಬೇಕು. ಎರಡನೆಯ ವಿಮಾನ ಇನ್ನೊಂದು ಟರ್ಮಿನಲ್‌ನಿಂದ ಹೊರಡುವುದಾದರೆ ಅಲ್ಲಿಗೆ ಸಾಗುವ ಸಮಯವೂ ಸೇರುತ್ತದೆ.

ಈಗ ಒಂದು ಲೆಕ್ಕವನ್ನು ಬಿಡಿಸಿ ನೋಡಬಹುದು. ಹುಬ್ಬಳ್ಳಿಯ ಒಬ್ಬ ಯಂತ್ರಭಾಗ ತಯಾರಕರು ಬೆಂಗಳೂರಿನಿಂದ ನಡುರಾತ್ರಿಯ ವಿಮಾನ ಹಿಡಿದು, ಸ್ಥಳೀಯ ಕಾಲಮಾನ ಬೆಳಗ್ಗೆ 7 ಗಂಟೆಗೆ ಕ್ವಾಲಾಲಂಪುರದ ಟರ್ಮಿನಲ್ 1ರಲ್ಲಿ ಇಳಿಯುತ್ತಾರೆಂದು ಇಟ್ಟುಕೊಳ್ಳೋಣ. ಟಿಕೆಟ್ ಒಂದೇ, ಮುಂದಿನ ವಿಮಾನ ಅದೇ ಟರ್ಮಿನಲ್‌ನಿಂದ ಮಧ್ಯಾಹ್ನ 3ಕ್ಕೆ. ಕೈಗಡಿಯಾರವನ್ನು ಎರಡೂವರೆ ತಾಸು ಮುಂದಕ್ಕೆ ತಿರುಗಿಸುವುದು ಅವರ ಮೊದಲ ಕೆಲಸ. ಅಲ್ಲಿ ಹಲವು ವಿಮಾನಗಳು ನಿಲ್ಲುವುದು ಮುಖ್ಯ ಕಟ್ಟಡದಿಂದ ದೂರವಿರುವ ಉಪಕಟ್ಟಡದಲ್ಲಿ. ಎರಡರ ನಡುವಿನ ಏರೋಟ್ರೇನ್ 2023ರ ಮಾರ್ಚ್‌ನಲ್ಲಿ ಸ್ಥಗಿತಗೊಂಡು 2025ರ ಜುಲೈನಲ್ಲಿ ಮತ್ತೆ ಆರಂಭವಾಯಿತು. ಇಳಿದು, ಕಟ್ಟಡ ಬದಲಿಸಿ, ವಲಸೆ ತಪಾಸಣೆಯ ಸಾಲು ಮುಗಿಸುವುದಕ್ಕೆ ಒಂದೂಕಾಲು ತಾಸು ಹಿಡಿದರೆ 8.15. ನಗರ ಅಲ್ಲಿಂದ ಸುಮಾರು 57 ಕಿಲೋಮೀಟರ್ ದೂರ. ಕೆಎಲ್‌ಐಎ ಎಕ್ಸ್‌ಪ್ರೆಸ್ ಎಂಬ ನೇರ ರೈಲು 28 ನಿಮಿಷಗಳಲ್ಲಿ ಕೆಎಲ್ ಸೆಂಟ್ರಲ್ ನಿಲ್ದಾಣವನ್ನು ತಲುಪಿಸುತ್ತದೆ. ರೈಲಿಗೆ ಕಾಯುವ ಅವಧಿಯೂ ಸೇರಿ 9 ಗಂಟೆ.

ಮರಳುವುದನ್ನು ಹಿಂದಿನಿಂದ ಎಣಿಸಬೇಕು. ವಿಮಾನ 3ಕ್ಕೆ, ದ್ವಾರ ಅದಕ್ಕೆ ಮೊದಲೇ ಮುಚ್ಚುತ್ತದೆ, ನಿರ್ಗಮನ ತಪಾಸಣೆ, ಭದ್ರತಾ ತಪಾಸಣೆ, ಪುನಃ ಉಪಕಟ್ಟಡದ ಪ್ರಯಾಣ. ಆದ್ದರಿಂದ 12.30ಕ್ಕೆ ನಿಲ್ದಾಣದಲ್ಲಿರಬೇಕು, ಅಂದರೆ ನಗರದಲ್ಲಿ 11.45ಕ್ಕೆ ರೈಲಿನ ಬಳಿ ನಿಂತಿರಬೇಕು. ಎಂಟು ತಾಸಿನಲ್ಲಿ ನಿವ್ವಳ ಉಳಿದದ್ದು ಎರಡು ಮುಕ್ಕಾಲು ತಾಸು ಮಾತ್ರ. ಇದೇ ಲೆಕ್ಕವನ್ನು ಆರು ತಾಸಿನ ನಿಲುಗಡೆಗೆ ಹಾಕಿದರೆ ಮುಕ್ಕಾಲು ತಾಸು ಉಳಿಯುತ್ತದೆ. ಒಂದು ಬದಿಗೇ 55 ರಿಂಗಿಟ್ ರೈಲು ದರ ತೆತ್ತು ಅಷ್ಟಕ್ಕಾಗಿ ಹೋಗುವುದರಲ್ಲಿ ಅರ್ಥವಿಲ್ಲ.

ಟ್ಯಾಕ್ಸಿ ಮನೆಬಾಗಿಲಿನಷ್ಟು ಸಲೀಸಾಗಿ ಕಂಡರೂ ಈ ಲೆಕ್ಕಕ್ಕೆ ಹೊಂದುವುದಿಲ್ಲ. ರಸ್ತೆ ತೆರವಿದ್ದಾಗ ಒಂದು ತಾಸಿನ ದಾರಿ ಅದು. ಕಚೇರಿ ವೇಳೆಯಲ್ಲಿ ಅಥವಾ ಅಲ್ಲಿನ ಮಧ್ಯಾಹ್ನದ ಬಿರುಮಳೆಯಲ್ಲಿ ಎಷ್ಟಾಗುವುದೆಂದು ಚಾಲಕನೂ ಹೇಳಲಾರ.

ಎರಡು ಮುಕ್ಕಾಲು ತಾಸಿನಲ್ಲಿ ಕಾಲ್ನಡಿಗೆಗೆ ದಕ್ಕುವ ಒಂದೇ ಪ್ರದೇಶವನ್ನು ಆರಿಸಿಕೊಳ್ಳುವುದು ವಿವೇಕ. ಬಟು ಗುಹೆಗಳ 272 ಮೆಟ್ಟಿಲುಗಳು ಎಷ್ಟೇ ಸೆಳೆದರೂ ಅವು ನಗರದ ಹೊರವಲಯದಲ್ಲಿವೆ, ಆ ಕಡೆಗಿನ ರೈಲುಗಳ ನಡುವಿನ ಅಂತರವೂ ದೀರ್ಘ. ಅವನ್ನು ಇನ್ನೊಂದು ಪ್ರವಾಸಕ್ಕೆ ಬಿಡುವುದೇ ಸರಿ. ಕೆಎಲ್ ಸೆಂಟ್ರಲ್‌ನಿಂದ ನಗರ ರೈಲಿನಲ್ಲಿ ಎರಡನೆಯ ನಿಲ್ದಾಣ ಮಸ್ಜಿದ್ ಜಾಮೆಕ್. 1909ರಲ್ಲಿ ಆರಂಭವಾದ ಆ ಮಸೀದಿ ಕ್ಲಾಂಗ್ ಮತ್ತು ಗೊಂಬಾಕ್ ನದಿಗಳ ಸಂಗಮದಲ್ಲಿದೆ. 1857ರಲ್ಲಿ ತವರದ ಗಣಿಗಾಗಿ ದೋಣಿಗಳಲ್ಲಿ ಬಂದ ಚೀನೀ ಕೆಲಸಗಾರರು ಇಳಿದದ್ದು ಈ ಭಾಗದಲ್ಲೇ. ಊರು ಹುಟ್ಟಿದ್ದು ಒಂದು ಸರಕಿನ ಬೆಲೆಯಿಂದ ಎಂಬುದು ವರ್ತಕರಿಗೆ ಆಸಕ್ತಿಯ ಸಂಗತಿಯೇ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಮರ್ದೇಕ ಚೌಕ. 1957ರ ಆಗಸ್ಟ್ 31ಕ್ಕೆ ಕಾಲಿಟ್ಟ ನಡುರಾತ್ರಿ ಬ್ರಿಟಿಷ್ ಧ್ವಜ ಇಳಿದ ಸ್ಥಳ. ಎದುರಿಗೆ 1897ರಲ್ಲಿ ಪೂರ್ಣಗೊಂಡ ಸುಲ್ತಾನ್ ಅಬ್ದುಲ್ ಸಮದ್ ಭವನ. ಇವೆರಡನ್ನೂ ಹೊರಗಿನಿಂದ ನೋಡುವುದಕ್ಕೆ ಬೆಳಗಿನ ಹೊತ್ತೇ ಹಿತ.

ಹತ್ತು ಗಂಟೆಗೆ ಸೆಂಟ್ರಲ್ ಮಾರ್ಕೆಟ್ ತೆರೆಯುತ್ತದೆ, ಆ ವೇಳೆಗೆ ನಡೆದು ಅಲ್ಲಿಗೆ ತಲುಪಬಹುದು. ಹಿಂದೆ ಮೀನು, ತರಕಾರಿಗಳ ಪೇಟೆಯಾಗಿದ್ದ ಈ ಕಟ್ಟಡದಲ್ಲಿ ಈಗ ಬಾಟಿಕ್ ಬಟ್ಟೆ ಮತ್ತು ಕರಕುಶಲ ವಸ್ತುಗಳ ಮಳಿಗೆಗಳಿವೆ. ಸಮೀಪದಲ್ಲೇ 1873ರಲ್ಲಿ ಸ್ಥಾಪಿತವಾದ ಶ್ರೀ ಮಹಾಮಾರಿಯಮ್ಮನ್ ದೇವಾಲಯವಿದೆ. ಮರಳಲು ಹತ್ತಿರದ ಪಸಾರ್ ಸೆನಿ ನಿಲ್ದಾಣದಿಂದ ಕೆಎಲ್ ಸೆಂಟ್ರಲ್ ಒಂದೇ ನಿಲ್ದಾಣದ ದೂರ. ದೂರದ ತಾಣವನ್ನು ಮೊದಲು ನೋಡಿ, ಹೊತ್ತು ಕಳೆದಂತೆ ರೈಲಿಗೆ ಹತ್ತಿರವಾಗುತ್ತ ಬರುವುದು ಈ ಕ್ರಮದ ಅನುಕೂಲ. ಕೈಚೀಲವನ್ನು ರಸ್ತೆಯ ಕಡೆಗಲ್ಲದೆ ಗೋಡೆಯ ಕಡೆಗಿರುವ ಹೆಗಲಿಗೆ ಹಾಕಿಕೊಳ್ಳಬೇಕು. ಮೋಟಾರುಬೈಕಿನಲ್ಲಿ ಬಂದು ಚೀಲ ಕಸಿಯುವ ಕಳ್ಳರು ಆ ನಗರದ ಹಳೆಯ ಪಿಡುಗು, ಮತ್ತು ಈ ಪ್ರಯಾಣಿಕನ ಚೀಲದಲ್ಲಿ ಪಾಸ್‌ಪೋರ್ಟ್ ಇರುತ್ತದೆ.

ವಿಮಾನ ತಪ್ಪಿದರೆ ಆಗುವ ನಷ್ಟದ ಅಂದಾಜು ಬಹಳ ಮಂದಿಗೆ ಇರುವುದಿಲ್ಲ. ಒಂದೇ ಟಿಕೆಟಿನಲ್ಲಿ ಮೊದಲ ವಿಮಾನವೇ ತಡವಾಗಿ ಮುಂದಿನದು ಕೈತಪ್ಪಿದರೆ ಬದಲಿ ವ್ಯವಸ್ಥೆ ಮಾಡುವುದು ವಿಮಾನ ಸಂಸ್ಥೆಯ ಹೊಣೆ. ಪ್ರಯಾಣಿಕನೇ ನಗರದಿಂದ ತಡವಾಗಿ ಬಂದರೆ ಅವನು ಗೈರುಹಾಜರೆಂದು ದಾಖಲಾಗುತ್ತಾನೆ. ಆಗ ಆ ಹಂತವಷ್ಟೇ ಅಲ್ಲ, ಅದೇ ಟಿಕೆಟಿನ ಉಳಿದ ಹಂತಗಳು, ಅಂದರೆ ಚೀನಾದಿಂದ ಹಿಂದಿರುಗುವ ಪ್ರಯಾಣವೂ ಸಾಮಾನ್ಯವಾಗಿ ರದ್ದಾಗುತ್ತದೆ. ಪೆಟ್ಟಿಗೆಯನ್ನು ವಿಮಾನದಿಂದ ಇಳಿಸಲಾಗುತ್ತದೆ, ಮೇಳದಲ್ಲಿ ಗೊತ್ತುಪಡಿಸಿದ ಭೇಟಿಗಳು ಕೈಬಿಡುತ್ತವೆ.

ಹೀಗಾಗಿ ಹುಬ್ಬಳ್ಳಿಯ ತಯಾರಕರು ಎರಡು ಗಡುವುಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಬೆಳಗ್ಗೆ 9.30ರೊಳಗೆ ವಿಮಾನ ನಿಲ್ದಾಣದ ರೈಲಿನಲ್ಲಿ ಕುಳಿತಿರದಿದ್ದರೆ ಆ ದಿನ ನಗರವಿಲ್ಲ. 11.45ಕ್ಕೆ ಕೆಎಲ್ ಸೆಂಟ್ರಲ್‌ನಲ್ಲಿರಲೇಬೇಕು. ಆ ಹೊತ್ತಿಗೆ ರೈಲು ಸಂಚಾರ ನಿಂತಿದೆಯೆಂದು ತಿಳಿದರೂ ಟ್ಯಾಕ್ಸಿ ಹಿಡಿದು ಒಂದು ಗಂಟೆಯ ಸುಮಾರಿಗೆ ನಿಲ್ದಾಣ ಸೇರಬಹುದು. 12.30ಕ್ಕೆ ಅದೇ ಸುದ್ದಿ ತಿಳಿದರೆ ಅವಕಾಶ ತೀರ ಕಡಿಮೆ.