ಬದಲಾಗುವ ಸಾಲು, ಬದಲಾಗದ ಸಾಲು

ಕಾರಿನ ವಿಮೆ ರಿನ್ಯೂವಲ್‌ಗೆ ಬಂದಾಗ ಎರಡು ಮೂರು ಕಂಪನಿಗಳಿಂದ ದರ ಕೇಳುವುದು ಈಗ ಎಲ್ಲರಿಗೂ ರೂಢಿ. ದಾವಣಗೆರೆಯಲ್ಲಿ ನೋಂದಣಿಯಾದ, ಮೂರು ವರ್ಷ ಹಳೆಯ, 1,200 ಸಿಸಿಯೊಳಗಿನ ಒಂದು ಪೆಟ್ರೋಲ್ ಕಾರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ಕಂಪನಿ ಕಾರಿನ ಸ್ವಂತ ಹಾನಿಗೆ, ಅಂದರೆ ಓನ್ ಡ್ಯಾಮೇಜ್ ಭಾಗಕ್ಕೆ, 8,600 ರೂಪಾಯಿ ಹೇಳುತ್ತದೆ. ಇನ್ನೊಂದು 4,800ಕ್ಕೇ ಕೊಡುತ್ತೇನೆ ಎನ್ನುತ್ತದೆ. ಆದರೆ ಅದರ ಕೆಳಗಿನ ಥರ್ಡ್ ಪಾರ್ಟಿ ಸಾಲಿನಲ್ಲಿ ಎರಡೂ ಕಡೆ ಒಂದೇ ಅಂಕಿ: 3,416 ರೂಪಾಯಿ. 2022ರ ಜೂನ್ 1ರಿಂದ ಜಾರಿಗೆ ಬಂದ ಅಧಿಸೂಚನೆಯಲ್ಲಿ 1,000ದಿಂದ 1,500 ಸಿಸಿವರೆಗಿನ ಖಾಸಗಿ ಕಾರಿಗೆ ಗೊತ್ತುಮಾಡಿದ ಮೊತ್ತ ಅದು. ಅದಕ್ಕಿಂತ ಚಿಕ್ಕ ಎಂಜಿನ್ನಿಗೆ 2,094, ದೊಡ್ಡದಕ್ಕೆ 7,897.

ಒಂದೇ ಪಾಲಿಸಿಯ ಒಂದು ಸಾಲಿನಲ್ಲಿ ಪೈಪೋಟಿ, ಇನ್ನೊಂದರಲ್ಲಿ ಸರ್ಕಾರದ ದರ. ಇದು ಏಕೆ ಎಂದು ತಿಳಿಯಬೇಕಾದರೆ, ಆ ಹಣ ಕೊನೆಗೆ ಯಾರ ಕೈಸೇರುತ್ತದೆ ಎಂದು ನೋಡಬೇಕು.

ಓನ್ ಡ್ಯಾಮೇಜ್ ಭಾಗದಲ್ಲಿ ಹಣ ಕೊಡುವವರೂ ಲಾಭ ಪಡೆಯುವವರೂ ನೀವೇ. ಬಂಪರ್ ಒಡೆದರೆ, ಕಾರು ಕಳವಾದರೆ ಕ್ಲೇಮ್ ನಿಮಗೇ ಬರುತ್ತದೆ. ಕಂಪನಿ ಸತಾಯಿಸಿದರೆ ಮುಂದಿನ ವರ್ಷ ಅದನ್ನು ಬಿಟ್ಟು ಬೇರೆ ಕಡೆ ಹೋಗುತ್ತೀರಿ. ಥರ್ಡ್ ಪಾರ್ಟಿ ಭಾಗದಲ್ಲಿ ಹಣ ಕೊಡುವುದು ನೀವು, ಪರಿಹಾರ ಸಿಗುವುದು ನಿಮ್ಮ ಕಾರಿಗೆ ಸಿಕ್ಕಿ ಗಾಯಗೊಂಡ ಅಥವಾ ಸತ್ತ ಯಾರೋ ಅಪರಿಚಿತರ ಮನೆಗೆ. ಆ ಕುಟುಂಬಕ್ಕೆ ನಿಮ್ಮ ಕಂಪನಿಯನ್ನು ಆರಿಸುವ ಅವಕಾಶವೇ ಇರಲಿಲ್ಲ. ಅವರ ಹಿತಕ್ಕಾಗಿಯೇ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಈ ವಿಮೆಯನ್ನು ಕಡ್ಡಾಯ ಮಾಡಿದೆ. ಕೊಳ್ಳಲೇಬೇಕು ಎಂದು ಕಾನೂನು ಹೇಳಿದ ವಸ್ತುವಿನ ಬೆಲೆಯನ್ನು ಮಾರುವವರ ಇಷ್ಟಕ್ಕೆ ಬಿಟ್ಟರೆ ಅದು ಎರಡು ರೀತಿಯಲ್ಲಿ ಕೆಡಬಹುದು. ಬೆಲೆ ವಿಪರೀತ ಏರಿದರೆ ಜನ ವಿಮೆಯಿಲ್ಲದೆಯೇ ಗಾಡಿ ಓಡಿಸುತ್ತಾರೆ. ಗಿರಾಕಿಗಾಗಿ ಕಂಪನಿಗಳು ಜಿದ್ದಿಗೆ ಬಿದ್ದು ಇಳಿಸಿದರೆ, ಪರಿಹಾರ ಕೊಡುವ ಕಾಲಕ್ಕೆ ಬೊಕ್ಕಸದಲ್ಲಿ ಹಣವಿರುವುದಿಲ್ಲ. ಎರಡರಲ್ಲೂ ಪೆಟ್ಟು ಬೀಳುವುದು ಆ ಅಪರಿಚಿತರಿಗೆ.

ಆ ಪರಿಹಾರದ ಗಾತ್ರವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಮೂವತ್ತು ವರ್ಷದ, ತಿಂಗಳಿಗೆ 20,000 ರೂಪಾಯಿ ದುಡಿಯುವ ಬಡಗಿಯೊಬ್ಬ ಅಪಘಾತದಲ್ಲಿ ತೀರಿಕೊಂಡ ಎಂದುಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅನುಸರಿಸುತ್ತವೆ: 2009ರ ಸರಳಾ ವರ್ಮಾ ಪ್ರಕರಣ, 2017ರ ಪ್ರಣಯ್ ಸೇಠಿ ಪ್ರಕರಣ. ಅವುಗಳ ಪ್ರಕಾರ, ನಲವತ್ತರೊಳಗಿನ ಸ್ವಂತ ದುಡಿಮೆಯವನ ಆದಾಯಕ್ಕೆ ಮುಂದಿನ ಏಳಿಗೆಗೆಂದು ಶೇ 40 ಸೇರಿಸಬೇಕು. ಆಗ ಅದು 28,000 ಆಗುತ್ತದೆ. ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 21,000, ವರ್ಷಕ್ಕೆ 2,52,000. ಮೂವತ್ತರ ವಯಸ್ಸಿಗೆ ಗುಣಕ 17. ಗುಣಿಸಿದರೆ 42,84,000 ರೂಪಾಯಿ. ಅಂತ್ಯಕ್ರಿಯೆ ವೆಚ್ಚ ಮೊದಲಾದವು ಮತ್ತು ಬಡ್ಡಿ ಬೇರೆ. 1,254 ಕಾರು ಮಾಲೀಕರ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ ಪೂರ್ತಿ ಕೂಡಿಸಿದರೆ ಈ ಒಂದು ಮೊತ್ತವಾಗುತ್ತದೆ. ಸತ್ತವನ ಸಂಬಳ 50,000 ಇದ್ದಿದ್ದರೆ ಇದೇ ಲೆಕ್ಕ ಒಂದು ಕೋಟಿ ದಾಟುತ್ತಿತ್ತು.

ಸಾವು ಮತ್ತು ಗಾಯದ ಪರಿಹಾರಕ್ಕೆ ಪಾಲಿಸಿಯಲ್ಲಿ ಗರಿಷ್ಠ ಮಿತಿಯೇ ಇಲ್ಲ. ಕಾರು ಯಾರಿಗೆ ಡಿಕ್ಕಿ ಹೊಡೆಯುತ್ತದೆ, ಅವರ ಸಂಪಾದನೆ ಎಷ್ಟು ಎಂಬುದು ಪಾಲಿಸಿ ಬರೆಯುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಮೇಲಾಗಿ ದಾವೆ ಹೂಡಿ, ತೀರ್ಪು ಬಂದು, ಮೇಲ್ಮನವಿ ಮುಗಿಯುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಇಂದು ಅಗ್ಗಕ್ಕೆ ಮಾರಿ ಮಾರುಕಟ್ಟೆ ಗೆದ್ದ ಕಂಪನಿಯ ತಪ್ಪು ಬಹಳ ತಡವಾಗಿ ಬಯಲಿಗೆ ಬರುತ್ತದೆ. ಗುದ್ದಿದ ಬಂಪರಿನ ಬಿಲ್ಲಾದರೋ ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ, ಅದಕ್ಕೊಂದು ಎಲ್ಲೆಯೂ ಇದೆ. ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ಅದನ್ನು ಮೀರಿ ಕಂಪನಿ ಕಳೆದುಕೊಳ್ಳುವುದಿಲ್ಲ. ಯಾವ ಮಾಡೆಲ್‌ನ ಬಿಡಿಭಾಗ ದುಬಾರಿ, ಯಾವುದು ಹೆಚ್ಚು ಕಳವಾಗುತ್ತದೆ ಎಂಬ ಲೆಕ್ಕ ಪ್ರತಿ ಕಂಪನಿಯ ಬಳಿಯೂ ಇರುತ್ತದೆ. ಹಾಗಾಗಿ ಅಲ್ಲಿ ಪೈಪೋಟಿ ನಡೆಯುತ್ತದೆ, ನಡೆಯಲಿ.

ಮೊದಲು ಎರಡೂ ಭಾಗಗಳಿಗೆ ಒಂದೇ ಅಖಿಲ ಭಾರತ ದರಪಟ್ಟಿ ಇತ್ತು. 2007ರ ಜನವರಿ 1ರಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳಿಗೆ ಬಿಟ್ಟುಕೊಟ್ಟರು, ಥರ್ಡ್ ಪಾರ್ಟಿಯನ್ನು ಬಿಡಲಿಲ್ಲ. ಲಾರಿ, ಬಸ್ಸುಗಳ ಥರ್ಡ್ ಪಾರ್ಟಿ ವಿಮೆ ನಷ್ಟದ ಬಾಬತ್ತಾಗಿದ್ದರಿಂದ ಕಂಪನಿಗಳು ಅದನ್ನು ಮಾರಲು ಹಿಂದೇಟು ಹಾಕುತ್ತಿದ್ದವು. ಅದಕ್ಕಾಗಿ ಎಲ್ಲ ಕಂಪನಿಗಳೂ ನಷ್ಟ ಹಂಚಿಕೊಳ್ಳುವ ಒಂದು ಪೂಲ್ ಅದೇ ವರ್ಷ ಶುರುವಾಯಿತು. ನಷ್ಟ ಬೆಳೆಯುತ್ತಲೇ ಹೋಗಿ 2012ರ ಮಾರ್ಚಿಗೆ ಅದನ್ನು ಮುಚ್ಚಬೇಕಾಯಿತು. ಇಷ್ಟು ವರ್ಷ ದರ ನಿಗದಿ ಮಾಡುತ್ತಿದ್ದುದು ವಿಮಾ ನಿಯಂತ್ರಕ ಐಆರ್‌ಡಿಎಐ. 2019ರ ತಿದ್ದುಪಡಿಯ ನಂತರ ಆ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಕೇಂದ್ರ ಸರ್ಕಾರವೇ ದರ ಗೊತ್ತುಮಾಡುತ್ತದೆ. 2022ರ ಅಧಿಸೂಚನೆ ಹೊರಬಿದ್ದದ್ದು ರಸ್ತೆ ಸಾರಿಗೆ ಸಚಿವಾಲಯದಿಂದ.

ಈ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಅಂಶವೊಂದಿದೆ. ಖಾಸಗಿ ಕಾರಿನ ದರಕ್ಕೆ ಮುಖ್ಯ ಅಳತೆ ಎಂಜಿನ್ನಿನ ಸಿಸಿ ಮಾತ್ರ. ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವರಿಗೂ, ಪದೇ ಪದೇ ಡಿಕ್ಕಿ ಹೊಡೆದವರಿಗೂ ಅದೇ 3,416. ನೋ ಕ್ಲೇಮ್ ಬೋನಸ್ ಸಿಗುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಅಡ್ಡಾದಿಡ್ಡಿ ಓಡಿಸುವವರ ಹೊರೆಯನ್ನು ಜಾಗರೂಕರು ಹೊರುತ್ತಿದ್ದಾರೆ. ದರವನ್ನು ಸರ್ಕಾರವೇ ಇಟ್ಟುಕೊಂಡು, ಚಾಲನೆಯ ದಾಖಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಇನ್ನು ದಾವಣಗೆರೆಯ ಕಾರಿಗೆ ಬರೋಣ. ಹಳೆಯ ದರಪಟ್ಟಿ ಹೋಗಿದ್ದರೂ ಅನೇಕ ಕಂಪನಿಗಳು ಇಂದಿಗೂ ಅದರಿಂದಲೇ ಲೆಕ್ಕ ಶುರುಮಾಡಿ ರಿಯಾಯಿತಿ ಕೊಡುತ್ತವೆ. ಐಡಿವಿ 6 ಲಕ್ಷ ಎಂದರೆ, ಮಹಾನಗರಗಳ ಹೊರಗಿನ ಊರುಗಳಿಗಿದ್ದ ಶೇ 3.191ರ ದರದಲ್ಲಿ 19,146 ರೂಪಾಯಿ. ಶೇ 55 ರಿಯಾಯಿತಿ ಕೊಟ್ಟರೆ ಸುಮಾರು 8,600, ಶೇ 75 ಕೊಟ್ಟರೆ ಸುಮಾರು 4,800. ಅಂತರ ಹುಟ್ಟುವುದು ಹೀಗೆ. ಇದರಲ್ಲಿ ಮೋಸವೇನೂ ಇಲ್ಲ, ಎಚ್ಚರ ಬೇಕಾದದ್ದು ಬೇರೆ ಕಡೆ. ಪ್ರೀಮಿಯಂ ಇನ್ನಷ್ಟು ಇಳಿದಂತೆ ತೋರಿಸಲು ಐಡಿವಿಯನ್ನೇ 5.2 ಲಕ್ಷಕ್ಕೆ ತಗ್ಗಿಸುವುದುಂಟು. ಆಗ ಉಳಿಯುವುದು 638 ರೂಪಾಯಿ. ಕಾರು ಕಳವಾದರೆ ಕೈಬಿಡುವುದು 80,000. ಆದ್ದರಿಂದ ಒಂದೇ ಐಡಿವಿ, ಒಂದೇ ಬಗೆಯ ಆಡ್-ಆನ್ ಇಟ್ಟುಕೊಂಡು ಓನ್ ಡ್ಯಾಮೇಜ್ ಸಾಲನ್ನು ಮಾತ್ರ ಹೋಲಿಸಿ. 2019ರ ಸೆಪ್ಟೆಂಬರಿನಿಂದ ಆ ಭಾಗವನ್ನು ಪ್ರತ್ಯೇಕವಾಗಿ ಬೇರೆ ಕಂಪನಿಯಿಂದಲೂ ಕೊಳ್ಳಬಹುದು.

ಥರ್ಡ್ ಪಾರ್ಟಿಯಲ್ಲೇ ಅರ್ಧಕ್ಕರ್ಧ ಕಡಿಮೆ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಆ ಪಾಲಿಸಿ ನಕಲಿಯಾಗಿರುವ ಸಂಭವ ಹೆಚ್ಚು. ಹಣ ಕೊಡುವ ಮೊದಲು ಅಧಿಸೂಚನೆಯ ಮೊತ್ತ ನೋಡಿಕೊಳ್ಳಿ. ಕೊಟ್ಟ ಮೇಲೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಗಾಡಿಯ ವಿಮೆ ದಾಖಲಾಗಿದೆಯೇ ಎಂದು ಪರೀಕ್ಷಿಸಿ. ದಾಖಲಾಗಿರದಿದ್ದರೆ ಕಂಪನಿಗೆ ಫೋನ್ ಮಾಡಿ ಪಾಲಿಸಿ ಸಂಖ್ಯೆ ಅಸಲಿಯೇ ಎಂದು ಕೇಳಿ ತಿಳಿದುಕೊಳ್ಳಿ. ಅದು ನಕಲಿಯಾಗಿದ್ದರೆ ಅಪಘಾತದ ಆ 43 ಲಕ್ಷವನ್ನು ನ್ಯಾಯಮಂಡಳಿ ವಸೂಲು ಮಾಡುವುದು ಮಾಲೀಕರಾದ ನಿಮ್ಮಿಂದಲೇ.