ಸೂಚನೆ ಯಾವ ದಿನ, ಎಷ್ಟು ಗಂಟೆಗೆ ಹಾಕಬೇಕು? ನಮ್ಮ ಪುಟದ ಲೆಕ್ಕವನ್ನೇ ಕೇಳೋಣ



ಕಾರ್ಯಕ್ರಮದ ಸೂಚನೆಯನ್ನು ಫೇಸ್‌ಬುಕ್ ಪುಟದಲ್ಲಿ ಎಷ್ಟು ಗಂಟೆಗೆ ಹಾಕಿದರೆ ಹೆಚ್ಚು ಜನರಿಗೆ ತಲುಪುತ್ತದೆ? ‘ಸಂಜೆ ಏಳೇ ಸರಿ’ ಎಂಬಂಥ ಸಲಹೆಗಳು ಎಲ್ಲೆಡೆ ಸಿಗುತ್ತವೆ. ಆದರೆ ಅವು ಬೇರೆ ಯಾರದೋ ಓದುಗರ ಲೆಕ್ಕ. ಸೊಲ್ಲಾಪುರದ ಮಗ್ಗದ ಕೆಲಸಗಾರರು ಫೋನ್ ಕೈಗೆತ್ತಿಕೊಳ್ಳುವ ಹೊತ್ತು ಬೇರೆ, ತಾಳವಾಡಿಯ ರೈತರದು ಬೇರೆ. ಕಾಸರಗೋಡಿನವರು ಎಷ್ಟೋ ಮಂದಿ ಕೊಲ್ಲಿ ದೇಶಗಳಲ್ಲಿದ್ದಾರೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಮತ್ತು ಕುವೈತಿನದು ಎರಡೂವರೆ ಗಂಟೆ ಹಿಂದೆ. ಸೌದಿ, ಕುವೈತಿನಲ್ಲಿ ವಾರದ ರಜೆಯೂ ಶುಕ್ರವಾರ ಮತ್ತು ಶನಿವಾರ. ಆದ್ದರಿಂದ ಪ್ರತಿ ಘಟಕವೂ ತನ್ನ ಪುಟದ ಅಂಕಿಗಳನ್ನೇ ನೋಡಬೇಕು.

ಅಂಕಿಗಳು ಎಲ್ಲಿವೆ?

ಪುಟ ನಡೆಸುವವರು Meta Business Suite ತೆರೆದು Insights ಒತ್ತಿದರೆ ಸಾಕು. ಅದರ Audience ಭಾಗದಲ್ಲಿ ನಮ್ಮನ್ನು ಹಿಂಬಾಲಿಸುವವರು ಯಾವ ಊರುಗಳಲ್ಲಿದ್ದಾರೆ ಎಂದು ತಿಳಿಯುತ್ತದೆ. Content ಭಾಗದಲ್ಲಿ ಒಂದೊಂದು ಪೋಸ್ಟ್ ಎಷ್ಟು ಜನರಿಗೆ ತಲುಪಿತು ಎಂಬುದಿರುತ್ತದೆ.

ಕಳೆದ ಮೂರು ತಿಂಗಳ ಪೋಸ್ಟ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು ಬರೆದುಕೊಳ್ಳಿ: ವಾರ, ಹೊತ್ತು, ಪೋಸ್ಟ್‌ನ ಬಗೆ, ತಲುಪಿದ ಜನ. ಹಾಕಿ ಒಂದು ವಾರ ಆಗದ ಪೋಸ್ಟ್‌ಗಳನ್ನು ಸೇರಿಸಬೇಡಿ, ಅವುಗಳ ಅಂಕಿ ಇನ್ನೂ ಏರುತ್ತಿರಬಹುದು. ಹಣ ಕೊಟ್ಟು ಹೆಚ್ಚು ಜನರಿಗೆ ತಲುಪಿಸಿದ ಪೋಸ್ಟ್‌ಗಳನ್ನೂ ಬಿಡಿ. ಅಂಕಿಗಳನ್ನು ಫೈಲಾಗಿ ಇಳಿಸಿಕೊಂಡಿದ್ದರೆ, ಅದರಲ್ಲಿರುವ ಗಂಟೆ ನಮ್ಮ ಗಂಟೆಯೇ ಎಂದು ನೆನಪಿರುವ ಒಂದು ಪೋಸ್ಟ್‌ನಿಂದ ತಾಳೆ ನೋಡಿ.

ಸರಾಸರಿ ದಾರಿ ತಪ್ಪಿಸುತ್ತದೆ

ಒಂದು ಉದಾಹರಣೆ ನೋಡೋಣ. ಅಂಕಿಗಳು ವಿವರಣೆಗಾಗಿ ಮಾತ್ರ. ಒಂದು ಘಟಕ ಭಾನುವಾರ ಬೆಳಿಗ್ಗೆ ಹಾಕಿದ ಐದು ಸೂಚನೆಗಳು 210, 240, 190, 1450, 220 ಜನರಿಗೆ ತಲುಪಿದವು. ಬುಧವಾರ ರಾತ್ರಿ ಹಾಕಿದ ಐದು 310, 280, 340, 300, 320 ಜನರಿಗೆ ತಲುಪಿದವು. ಸರಾಸರಿ ತೆಗೆದರೆ ಭಾನುವಾರ 462, ಬುಧವಾರ 310. ಭಾನುವಾರವೇ ಮೇಲು ಎನಿಸುತ್ತದೆ.

ಆದರೆ ಆ 1450 ಹೇಗೆ ಬಂತು? ಯಾರೋ ಅದನ್ನು ದೊಡ್ಡ ಗುಂಪೊಂದರಲ್ಲಿ ಹಂಚಿದ್ದರು. ಅದು ದಿನದ ಗುಣವಲ್ಲ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಭಾನುವಾರ 220, ಬುಧವಾರ 310. ಬುಧವಾರದ ಅತಿ ಕಡಿಮೆ ಅಂಕಿಯಾದ 280 ಕೂಡ ಭಾನುವಾರದ ನಾಲ್ಕು ಸೂಚನೆಗಳಿಗಿಂತ ಹೆಚ್ಚು. ಈಗ ಬುಧವಾರವನ್ನು ಆರಿಸಬಹುದು. ನಡುವಿನ ಅಂಕಿಗಳು 300, 320 ಹೀಗೆ ಹತ್ತಿರವಿದ್ದರೆ ವ್ಯತ್ಯಾಸವಿಲ್ಲ ಎಂದೇ ತಿಳಿದು, ಹಾಕುವವರಿಗೆ ಅನುಕೂಲವಾದ ಹೊತ್ತನ್ನು ಇಟ್ಟುಕೊಳ್ಳಿ.

ಸಮಕ್ಕೆ ಸಮ ಹೋಲಿಸಿ

ಫೋಟೋಗಳನ್ನೆಲ್ಲ ಭಾನುವಾರ, ಬರೀ ಬರಹದ ಸೂಚನೆಗಳನ್ನು ಬುಧವಾರ ಹಾಕುತ್ತಿದ್ದರೆ, ನೀವು ಹೋಲಿಸುತ್ತಿರುವುದು ದಿನಗಳನ್ನಲ್ಲ, ಫೋಟೋವನ್ನೂ ಬರಹವನ್ನೂ. ಸೂಚನೆಗೆ ಸೂಚನೆ, ಫೋಟೋಗೆ ಫೋಟೋ ಎಂದೇ ಹೋಲಿಸಬೇಕು. ಇಷ್ಟು ದಿನ ರಾತ್ರಿ ಒಂಬತ್ತಕ್ಕೇ ಹಾಕುತ್ತ ಬಂದಿದ್ದರೆ ಬೆಳಗಿನ ಹೊತ್ತಿನ ಬಗ್ಗೆ ಪುಸ್ತಕದಲ್ಲಿ ಏನೂ ಇರುವುದಿಲ್ಲ. ಆಗ ಎರಡು ಹೊತ್ತನ್ನು ಆರಿಸಿ, ಎಂಟು ವಾರ ಒಂದು ವಾರ ಅದು, ಒಂದು ವಾರ ಇದು ಎಂದು ಹಾಕಿ ನೋಡಬೇಕು. ದಸರಾ, ದೀಪಾವಳಿ ಬರುವ ವಾರಗಳನ್ನು ಲೆಕ್ಕದಿಂದ ಬಿಡಿ.

ನಿಮಿಷದ ಲೆಕ್ಕ ಬೇಡ. ಫೇಸ್‌ಬುಕ್ ಪೋಸ್ಟ್‌ಗಳನ್ನು ಹಾಕಿದ ಕ್ರಮದಲ್ಲೇ ಎಲ್ಲರಿಗೂ ತೋರಿಸುವುದಿಲ್ಲ. ಇಂದು ಹಾಕಿದ್ದು ಕೆಲವರಿಗೆ ನಾಳೆ ಕಾಣುತ್ತದೆ. ದಿನ ಯಾವುದು, ಬೆಳಿಗ್ಗೆಯೋ ರಾತ್ರಿಯೋ ಎಂಬಷ್ಟು ಗೊತ್ತಾದರೆ ಸಾಕು.

ನೋಡಿದವರೆಲ್ಲ ಬರಲಾರರು

ಕಾರ್ಯಕ್ರಮದ ಸೂಚನೆಗೆ ಇನ್ನೊಂದು ಲೆಕ್ಕವಿದೆ. ನವೆಂಬರ್ 1 ಕರ್ನಾಟಕದಲ್ಲಿ ಸರ್ಕಾರಿ ರಜೆ, ಗಡಿಯಾಚೆಯ ನಮಗಲ್ಲ. ವಾರದ ದಿನ ಬಂದರೆ ರಜೆ ಹಾಕಿಯೇ ಬರಬೇಕು. ಹಿಂದಿನ ಸಂಜೆ ಹಾಕಿದ ಸೂಚನೆ 500 ಜನರಿಗೆ ತಲುಪಿದರೂ ರಜೆ ಕೇಳಲು, ಬಸ್ಸು ಹೊಂದಿಸಲು ಅವರಿಗೆ ಸಮಯವಿರದು. ಆದ್ದರಿಂದ ಆರಿಸಿದ ವಾರದಂದೇ ಎರಡು ವಾರ ಮೊದಲು ಒಮ್ಮೆ, ಕಾರ್ಯಕ್ರಮದ ವಾರದಲ್ಲಿ ಇನ್ನೊಮ್ಮೆ ಹಾಕುವುದು ಮೇಲು. Meta Business Suite ನಲ್ಲಿ ಮುಂದಿನ ದಿನಾಂಕ, ಗಂಟೆ ಕೊಟ್ಟು ಪೋಸ್ಟ್ ಇಟ್ಟರೆ ಅದು ತಾನಾಗಿಯೇ ಪ್ರಕಟವಾಗುತ್ತದೆ.

ಘಟಕದವರು ನಾಲ್ಕು ಕಾಲಮ್ಮಿನ ಪಟ್ಟಿಯನ್ನು ಮುಂದಿನ ಸಭೆಗೆ ತಂದರೆ, ಎಲ್ಲರೂ ಕೂತು ಒಂದೊಂದು ಊರಿನ ಹೊತ್ತನ್ನು ಗೊತ್ತುಮಾಡಿಕೊಳ್ಳೋಣ.